ತಿದ್ದದೆ ಬರೆದುಕೊಂಡ ಅಕ್ಷರಗಳು

ಅಕ್ಕ ನನಗೆ ಬರೆದು ಕಳಿಸಿದ ಮೊದಲ ಮೆಸೇಜನ್ನು ನಾನು ಮೂರು ದಿನ ಓದಲಿಲ್ಲ. ನೋಡಿದ್ದೆ, ಓದಿರಲಿಲ್ಲ. ಕುಡುಮಲಕುಂಟೆಯ ಕಾರ್ಖಾನೆಯಿಂದ ಗೌರಿಬಿದನೂರಿಗೆ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಫೋನು ಸದ್ದು ಮಾಡಿತು. ತೆಗೆದರೆ ಹೀಗಿತ್ತು:

bbhanuvvara. bas hhasii avvar3kaii id3

ಯಾವುದೋ ಮಗು ಅಕ್ಕನ ಫೋನು ಹಿಡಿದು ಒತ್ತಾಡಿರಬೇಕು ಎಂದುಕೊಂಡೆ. ಫೋನನ್ನು ಚೀಲಕ್ಕೆ ಹಾಕಿದೆ. ರಾತ್ರಿ ಅಡುಗೆ ಮಾಡುವಾಗ ನೆನಪಾಗಿ ಕರೆ ಮಾಡಿದೆ. ಆ ಕಡೆಯಿಂದ ಉಸಿರಿನಂಥ ಸದ್ದು ಬಂತು, ಮಾತು ಕೇಳಿಸಲಿಲ್ಲ. "ಆಮೇಲೆ ಮಾಡ್ತೀನಿ ಕಣಕ್ಕ" ಎಂದು ಇಟ್ಟೆ. ಮಾಡಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಕುಳಿತು ಅದನ್ನು ಮತ್ತೆ ನೋಡಿದಾಗ ಅವರೆಕಾಯಿ ಕಾಣಿಸಿತು. ಭಾನುವಾರ ಬಾ, ಹಸಿ ಅವರೆಕಾಯಿ ಇದೆ. ಭಾನುವಾರ ಆಗಲೇ ಕಳೆದಿತ್ತು. ಅಂದು ನಾನು ಮನೆಯಲ್ಲೇ ಇದ್ದೆ, ಬಟ್ಟೆ ಒಗೆದಿದ್ದೆ, ಮಧ್ಯಾಹ್ನ ಮಲಗಿದ್ದೆ. ಮೇಲೂರಿಗೆ ಹೋಗಿಬರುವುದು ಕಷ್ಟದ ಮಾತೇನೂ ಆಗಿರಲಿಲ್ಲ.

ಆ ಕಾರ್ಖಾನೆಯಲ್ಲಿ ನನ್ನ ಕೆಲಸ ತಪ್ಪು ಹುಡುಕುವುದು. ನನ್ನ ಮುಂದೆ ಸಾಗಿಬರುವ ಸಾಮಾನಿನಲ್ಲಿ ಗೀರು, ಉಬ್ಬು, ಬಣ್ಣದ ವ್ಯತ್ಯಾಸ ಕಂಡರೆ ಅದನ್ನು ಎತ್ತಿ ಕೆಂಪು ಡಬ್ಬಕ್ಕೆ ಹಾಕಬೇಕು. ಯಾಕೆ ಹಾಗಾಯಿತು ಎಂದು ಕೇಳುವುದು ನನ್ನ ಕೆಲಸವಲ್ಲ. ಹದಿನೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಮುಂದೆ ನಾನು ಮಾಡಿದ್ದಕ್ಕೆ ಇದು ಸಬೂಬಲ್ಲ. ಆದರೂ ಹೇಳಿಬಿಡಬೇಕು.

ಅಕ್ಕನಿಗೆ ಐವತ್ತೇಳು. ಮೇಲೂರಿನಲ್ಲಿ ಅವಳ ಮನೆ, ಮನೆಯ ಎದುರಿಗೆ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ಹುಳದ ಮನೆ. ಅಂತಸ್ತಿನ ಸ್ಟ್ಯಾಂಡುಗಳ ಮೇಲೆ ರೇಷ್ಮೆ ಹುಳು ಸಾಕುವ ಆ ಉದ್ದನೆಯ ಕಟ್ಟಡ ಅವಳ ಅಡುಗೆಮನೆಯ ಕಿಟಕಿಗೆ ನೇರವಾಗಿ ಕಾಣುತ್ತದೆ. ಭಾವ ತೋಟ ನೋಡಿಕೊಳ್ಳುತ್ತಾರೆ. ಮಗ ಶಿಡ್ಲಘಟ್ಟದಲ್ಲಿ ಸಂಬಳದ ಕೆಲಸಕ್ಕೆ ಹೋಗುತ್ತಾನೆ. ಹುಳು ಮಾತ್ರ ಎಂದಿನಿಂದಲೂ ಅಕ್ಕನದು. ಅವಳ ಬೆರಳುಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಎಳೆಯ ಹುಳುವನ್ನು ಎರಡು ಬೆರಳಲ್ಲಿ ಎತ್ತಿದರೆ ಹುಳುವಿಗೆ ಎತ್ತಿದ್ದೇ ತಿಳಿಯುತ್ತಿರಲಿಲ್ಲ. ಸಾವಿರ ಹುಳುಗಳ ನಡುವೆ ಸೊರಗಿದ ಒಂದನ್ನು ಕಂಡು, ಪಕ್ಕದ್ದಕ್ಕೆ ತಾಕದಂತೆ ತೆಗೆದು ಹೊರಗೆ ಹಾಕುತ್ತಿದ್ದಳು.

ಮೂರು ವರ್ಷದ ಹಿಂದೆ ಅವಳ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು, ಕೈ ತೊಡೆಯ ಮೇಲೆ ಸುಮ್ಮನಿದ್ದಾಗ, ತಾವಾಗಿಯೇ ಒಂದಕ್ಕೊಂದು ಉಜ್ಜಿಕೊಳ್ಳತೊಡಗಿದವು. ಕಾಣದ ಮಾತ್ರೆಯೊಂದನ್ನು ಉರುಳಿಸುತ್ತಿರುವ ಹಾಗೆ. ಚಿಕ್ಕಬಳ್ಳಾಪುರದ ಡಾಕ್ಟರು ಕಂಪವಾತ ಎಂದರು. ದಿನಕ್ಕೆ ಮೂರು ಹೊತ್ತು ಮಾತ್ರೆ ಕೊಟ್ಟರು. ನಡುಕದ ಜೊತೆಗೆ ನಡಿಗೆ ನಿಧಾನವಾಯಿತು, ದನಿ ಸಣ್ಣದಾಯಿತು. ದನಿ ಎಷ್ಟು ಸಣ್ಣದಾಯಿತೆಂದರೆ ಪಕ್ಕದಲ್ಲಿ ಕುಳಿತವರೂ ಕಿವಿ ಹತ್ತಿರ ತರಬೇಕು. ಮೊದಲು ಅಡುಗೆಮನೆಯ ಕಿಟಕಿಯಿಂದ ಕೂಗಿದರೆ ಹುಳದ ಮನೆಗೆ ಕೇಳುತ್ತಿತ್ತು. ಆ ಕೂಗು ಹೋಯಿತು. ಫೋನಿನಲ್ಲಿ ದನಿ ಹಿಡಿದು ಕಳಿಸೋಣವೆಂದರೆ, ಒತ್ತಿ ಹಿಡಿದುಕೊಂಡು ಮಾತಾಡುವಷ್ಟರಲ್ಲಿ ಬೆರಳು ಜಾರುತ್ತಿತ್ತು. ಹಾಗಾಗಿ ಬರೆದು ಕಳಿಸಲು ಶುರು ಮಾಡಿದ್ದಳು. ನಮ್ಮ ಕಡೆ ಎಲ್ಲರೂ ಮಾಡುವಂತೆ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ.

ಮುಂದಿನ ಭಾನುವಾರ ನಾನು ಮೇಲೂರಿಗೆ ಹೋದೆ. ಮರಿಹುಳು ಸಾಕಿ ಮಾರುವ ಚಾಕಿ ಕೇಂದ್ರದಿಂದ ಎಳೆ ಹುಳು ಬಂದು ಎರಡು ದಿನವಾಗಿತ್ತು. ಹುಳದ ಮನೆಯ ಜಗಲಿಯ ಮೇಲೆ ಅಕ್ಕನ ಸೊಸೆ ಕುಳಿತು ಸೊಪ್ಪು ಕತ್ತರಿಸುತ್ತಿದ್ದಳು. ಅವಳು ಆಂಧ್ರದ ಗಡಿಯ ಕಡೆಯವಳು, ಮನೆಮಾತು ತೆಲುಗು, ಚಿಕ್ಕಮ್ಮ ಎನ್ನದೆ ನನ್ನನ್ನು ಪಿನ್ನಮ್ಮ ಎಂದೇ ಕರೆಯುತ್ತಾಳೆ. ನಾನು ಚಪ್ಪಲಿ ಬಿಟ್ಟು ಸೋಂಕು ಒಳಬರದಂತೆ ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿಯ ಮೇಲೆ ಕಾಲಿಟ್ಟು ಒಳಗೆ ಹೋಗುವಷ್ಟರಲ್ಲಿ ಅವಳ ಫೋನು ಸದ್ದು ಮಾಡಿತು. ಅಡುಗೆಮನೆಯಿಂದ ಅಕ್ಕ.

kkitkki yegii gaaali

ಸೊಸೆ ಕತ್ತಿ ಕೆಳಗಿಟ್ಟಳು. ಕೂಡಲೇ ಓದಲಿಲ್ಲ. ಮೇಲೆ ಅಕ್ಕನ ಹೆಸರಿನ ಕೆಳಗೆ 'ಟೈಪಿಂಗ್' ಎಂದು ಇನ್ನೂ ಬರುತ್ತಿದೆಯೇ ಎಂದು ನೋಡಿದಳು. ಅದು ನಿಂತಿತ್ತು. ಆಮೇಲೆ ತುಟಿ ಅಲ್ಲಾಡಿಸುತ್ತ ಓದಿ, ಎದ್ದು ಹೋಗಿ ಪಡುವಣ ಗೋಡೆಯ ಎರಡು ಕಿಟಕಿ ತೆರೆದು ಬಂದಳು.

"ಅದು ಹೆಂಗೆ ಓದ್ದೆ?" ಎಂದೆ.

"ನೆಮ್ಮದಿಗಾ" ಎಂದಳು. ನಿಧಾನವಾಗಿ ಎನ್ನುವುದಕ್ಕೆ ಅವರ ಕಡೆ ಮಾತು. "ಮೊದ್ಲು ಒಂದೇ ಅಕ್ಷರ ಎರಡು ಮೂರು ಸಲ ಬಿದ್ದಿದ್ರೆ ಒಂದೇ ಅನ್ಕೋಬೇಕು ಪಿನ್ನಮ್ಮ. ಅತ್ತೆ ಕೈ ಒಂದ್ಸಲ ಒತ್ತಿದ್ರೆ ಎರಡ್ಸಲ ತಾಕುತ್ತೆ. ಆಮೇಲೂ ಅರ್ಥ ಆಗ್ಲಿಲ್ಲ ಅಂದ್ರೆ ಪಕ್ಕದ ಅಕ್ಷರ. ನೋಡಿ, ಯೆಗಿ ಅಂತ ಬಿದ್ದಿದೆ. ವೈ ಪಕ್ಕ ಏನಿದೆ? ಟಿ. ತೆಗಿ."

"ಈ ಮೂರು?" ಎಂದು ಅವರೆಕಾಯಿಯ ಮೆಸೇಜು ತೋರಿಸಿದೆ.

"ಇ ಮೇಲೆ ಬೆರಳು ಇಟ್ರೆ ಬೇಗ ಎತ್ತಕ್ಕಾಗಲ್ಲ ಅವ್ರಿಗೆ. ಇ ಮೇಲೆ ಸಣ್ಣದಾಗಿ ಮೂರು ಬರ್ದಿರುತ್ತಲ್ಲ, ಒತ್ತಿ ಹಿಡಿದ್ರೆ ಅದು ಬರುತ್ತೆ. ಮೂರಂದ್ರೆ ಇ. ಮಧ್ಯ ಚುಕ್ಕಿ ಬಿದ್ರೆ ಅದು ಚುಕ್ಕಿ ಅಲ್ಲ, ಖಾಲಿ ಜಾಗ ಎರಡ್ಸಲ ತಾಕಿರುತ್ತೆ." ಮತ್ತೆ ಕತ್ತಿ ಹಿಡಿದಳು. "ಅವತ್ತು ಅವರೆಕಾಯಿ ನೀವು ಬರ್ಲಿಲ್ಲ ಅಂತ ನಾವೇ ತಿಂದ್ವಿ."

ಅಷ್ಟು ಹೇಳಿ ನಕ್ಕಳು. ನನಗೆ ನಗಲಾಗಲಿಲ್ಲ.

ಆ ಮಧ್ಯಾಹ್ನ ನಾನು ಉಪಕಾರವೆಂದುಕೊಂಡು ಒಂದು ಕೆಲಸ ಮಾಡಿದೆ. ಅಕ್ಕ ಮಲಗಿದ್ದಾಗ ಅವಳ ಫೋನು ತೆಗೆದುಕೊಂಡು, ತಪ್ಪು ಬಿದ್ದ ಪದವನ್ನು ತಾನೇ ತಿದ್ದುವ ಸೌಲಭ್ಯವನ್ನು ಚಾಲೂ ಮಾಡಿದೆ. ನನ್ನ ಫೋನಿನಲ್ಲಿ ಅದು ಸದಾ ಇರುತ್ತದೆ. ಅಕ್ಕ ಎದ್ದ ಮೇಲೆ ಹೇಳಿದೆ, "ಇನ್ಮೇಲೆ ಕಷ್ಟ ಇಲ್ಲ ಕಣಕ್ಕ, ಹೆಂಗೆ ಒತ್ತಿದ್ರೂ ಅದೇ ಸರಿ ಮಾಡುತ್ತೆ." ಅವಳು ನನ್ನ ಕೈ ಹಿಡಿದುಕೊಂಡಳು. ಅವಳ ಹೆಬ್ಬೆರಳು ನನ್ನ ಮಣಿಕಟ್ಟಿನ ಮೇಲೆ ಮಿಡಿಯುತ್ತಿತ್ತು. ಖುಷಿಯಿಂದ ಊರಿಗೆ ಬಂದೆ.

ಗುರುವಾರ ಸಂಜೆ ಭಾವ ಕರೆ ಮಾಡಿದರು. ಅವರು ತಾವಾಗಿ ಕರೆ ಮಾಡುವವರಲ್ಲ.

"ಏನಮ್ಮ, ಚೆನ್ನಾಗಿದೀಯಾ. ನಿಮ್ಮಕ್ಕಂದು ಒಂದು ಮಾತು ಹೇಳಣ ಅಂತ. ಅವಳಿಗೆ ತಲೆ ಸರಿಯಾಗಿ ಓಡ್ತಿಲ್ಲ ಕಣಮ್ಮ."

"ಏನಾಯ್ತು ಭಾವ?"

"ಮೊನ್ನೆ ಏನೋ ಕಳಿಸವ್ಳೆ, ಸಪೋರ್ಟ್ ಬೆಡ್ ಅಂತೆ. ಇಂಗ್ಲಿಷ್ ಯಾವಾಗ ಕಲ್ತ್ಯೇ ಅಂದೆ. ಅಳಕ್ ಶುರು ಮಾಡಿದ್ಲು. ಆಮೇಲಿಂದ ಒಂದಕ್ಷರ ಕಳಿಸಿಲ್ಲ. ಕೇಳಿದ್ರೂ ಸುಮ್ನೆ ಕೂತಿರ್ತಾಳೆ." ದನಿ ಇಳಿಸಿದರು. "ಮುಂದಿನ ಬೆಳೆಯಿಂದ ಅವಳನ್ನ ಹುಳದ ವಿಷಯ ಕೇಳಲ್ಲ. ಒಬ್ಬನ್ನ ಕೂಲಿಗೆ ಇಟ್ಕೊಂತೀನಿ. ಮನೇಲಿ ಆರಾಮಾಗಿರ್ಲಿ. ನೀನು ಬಂದು ನಿಧಾನಕ್ಕೆ ಅವಳಿಗೆ ಹೇಳು. ನನ್ನ ಬಾಯಲ್ಲಿ ಬರಲ್ಲ."

ಭಾವನ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಮೂವತ್ತೈದು ವರ್ಷ ಅಕ್ಕ ಕೈಯಾಡಿಸಿದ ಮನೆಯಿಂದ ಅವಳನ್ನು ಅವರು ಪ್ರೀತಿಯಿಂದಲೇ ಆಚೆ ಕೂರಿಸಲಿದ್ದರು. ಅದನ್ನು ಹೇಳುವ ಬಾಯಿ ನನ್ನದಾಗಬೇಕಿತ್ತು.

ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟೆ. ನಾನು ಹೋಗುವ ಹೊತ್ತಿಗೆ ಹುಳು ನಾಲ್ಕನೇ ಜ್ವರದಲ್ಲಿದ್ದವು. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಪೊರೆ ಕಳಚುವ ಮುಂಚೆ ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಅಲುಗಾಡದೆ ನಿಂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಒಂದು ದಿನಕ್ಕೂ ಮೇಲೆ ಹಾಗೆಯೇ ಇರುತ್ತದೆ. ಆಗ ಸೊಪ್ಪು ಹಾಕಬಾರದು, ಹುಳುವನ್ನು ಅಲುಗಿಸಬಾರದು. ಮೊದಲು ಎದ್ದವು ಹಸಿದು ತಲೆಯಾಡಿಸುತ್ತಿದ್ದರೂ ಹೆಚ್ಚುಕಡಿಮೆ ಎಲ್ಲವೂ ಏಳುವವರೆಗೆ ಕಾಯಬೇಕು. ಅವಸರಪಟ್ಟು ಸೊಪ್ಪು ಹಾಕಿದರೆ ಎದ್ದವು ಮುಂದೆ ಹೋಗುತ್ತವೆ, ಏಳದವು ಸೊಪ್ಪಿನ ಅಡಿಗೆ ಬೀಳುತ್ತವೆ, ಆಮೇಲೆ ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟುವುದಿಲ್ಲ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಅಕ್ಕನೇ.

ಭಾವ ಜಗಲಿಯಲ್ಲಿ ಸೊಪ್ಪಿನ ಕಡ್ಡಿಗಳ ಹೊರೆ ಬಿಚ್ಚುತ್ತಿದ್ದರು. "ಎದ್ದವೆ ಕಣಮ್ಮ. ಇನ್ನೇನು ಸೊಪ್ಪು ಬಿಡಣ ಅಂತಿದೀನಿ" ಎಂದರು. ನಾನು ಮನೆಯೊಳಗೆ ಹೋದೆ.

ಅಕ್ಕ ಅಡುಗೆಮನೆಯ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದಳು. ಮಡಿಲಲ್ಲಿ ಫೋನು. ನನ್ನನ್ನು ನೋಡಿದಳು, ಮತ್ತೆ ಫೋನಿಗೆ ಬಾಗಿದಳು. ಬೆವರಿದ್ದಳು. ನಾನು ಪಕ್ಕದಲ್ಲಿ ಮೊಣಕಾಲೂರಿ ಕುಳಿತೆ. ಮೊದಲ ಸಲ ಅವಳು ಬರೆಯುವುದನ್ನು ನೋಡಿದೆ.

ಬೆರಳು ಅಕ್ಷರದ ಕಡೆ ಹೋಗುವಾಗ ನಡುಕ ನಿಲ್ಲುತ್ತಿತ್ತು. ಅಕ್ಷರದ ಮೇಲೆ ಬಂದು ಗುರಿ ಹುಡುಕಿ ನಿಂತ ಕೂಡಲೇ ನಡುಕ ಮರಳುತ್ತಿತ್ತು. ಎಸ್ ಮೇಲೆ ಎರಡು ಬಡಿತ. ಓ ಒಂದು. ಪಿ ಮೇಲೆ ಮೂರು. ಯು. ಅಷ್ಟಕ್ಕೇ ಒಂದು ನಿಮಿಷವಾಯಿತು. ssopppu ಎಂದು ನಿಂತಿತ್ತು. ಸೊಪ್ಪು ಎಂದು ನನಗೂ ಓದಲಾಯಿತು. ಅವಳು ಖಾಲಿ ಜಾಗದ ಗುಂಡಿ ಮುಟ್ಟಿದಳು. ಮುಟ್ಟಿದ ಕ್ಷಣಕ್ಕೆ ಆ ಪದ ಅಳಿಸಿಹೋಗಿ support ಎಂದಾಯಿತು.

ಅಕ್ಕ ಅಳಿಸುವ ಗುಂಡಿಗೆ ಬೆರಳು ತಂದಳು. ಒಂದೊಂದಾಗಿ ಅಳಿಸಬೇಕೆಂದಿದ್ದಳು. ಬೆರಳು ಎತ್ತಲು ಬರಲಿಲ್ಲ, ಗುಂಡಿಯ ಮೇಲೆಯೇ ಕೂತಿತು. ಅಕ್ಷರಗಳು ಒಂದರ ಹಿಂದೆ ಒಂದು, ಆಮೇಲೆ ಪದಗಳೇ ಒಟ್ಟೊಟ್ಟಿಗೆ ಹಿಂದಕ್ಕೆ ಓಡಿದವು. ಅದಕ್ಕೆ ಮುಂಚೆ ಅವಳು ಬರೆದಿದ್ದ ಒಂದೂವರೆ ಸಾಲೂ ಹೋಯಿತು. ಪರದೆ ಖಾಲಿಯಾಯಿತು.

ಅವಳು ಮತ್ತೆ ಮೊದಲಿಂದ ಶುರು ಮಾಡಿದಳು.

ಅಂದರೆ ಆ ಐದಾರು ದಿನ ಅವಳು ಸುಮ್ಮನೆ ಕೂತಿರಲಿಲ್ಲ. ಸೋಮವಾರದಿಂದ ಇದೇ ಕುರ್ಚಿಯಲ್ಲಿ ಇಂಥ ಸಾಲುಗಳನ್ನು ಎಷ್ಟು ಸಲ ಕಟ್ಟಿದ್ದಳೋ, ಎಷ್ಟು ಸಲ ಅವು ಅವಳ ಬೆರಳಡಿಯಲ್ಲೇ ಕರಗಿದ್ದವೋ. ಕರಗಿಸಿದವಳು ನಾನು.

ಬಾಗಿಲಲ್ಲಿ ಸೊಸೆ ನಿಂತಿದ್ದಳು. "ಪಿನ್ನಮ್ಮ, ನೀವು ಅವತ್ತು ಫೋನಿಗೆ ಏನೋ ಮಾಡಿದ್ರಂತಲ್ಲ" ಎಂದಳು. ಆಪಾದನೆಯ ದನಿಯಲ್ಲ, ಕೇಳಿದಳು ಅಷ್ಟೆ. "ಮೊದ್ಲು ಪಕ್ಕದ ಅಕ್ಷರ ನೋಡಿದ್ರೆ ಸಿಕ್ತಿತ್ತು. ಈಗ ಪದ ಎಲ್ಲ ಚೆಂದ ಇದೆ. ಯಾವ ಪಕ್ಕ ಅಂತ ಹುಡುಕ್ಲಿ?"

ನಾನು ಅಕ್ಕನ ಕೈಯಿಂದ ಫೋನು ಕೇಳಿ ತೆಗೆದುಕೊಂಡೆ. ತಿದ್ದುವುದನ್ನು ನಿಲ್ಲಿಸಿದೆ. ವಾಪಸ್ ಕೊಟ್ಟು, "ಅಕ್ಕ, ಇನ್ನು ಅದು ಏನೂ ಮಾಡಲ್ಲ. ಹೆಂಗೆ ಬೀಳುತ್ತೋ ಹಂಗೇ ಬಿಡು. ಅಳಿಸ್ಬೇಡ" ಎಂದೆ.

ಅಷ್ಟರಲ್ಲಿ ಹೊರಗೆ ಭಾವ ಕಡ್ಡಿಯ ಹೊರೆ ಎತ್ತುವುದು ಕಿಟಕಿಯಿಂದ ಕಂಡಿತು. ಅಕ್ಕ ಎಡಗೈ ಎತ್ತಿ ಅತ್ತ ತೋರಿಸಿದಳು, ಕೈ ಇಳಿಸಿದಳು. ಸೊಸೆ ಓಡಿದಳು.

"ಮಾವ, ಸೊಪ್ಪು ಬಿಡ್ಬೇಡಿ. ಅತ್ತೆ ಏನೋ ಹೇಳ್ತಾವ್ರೆ."

"ಏನ್ ಹೇಳ್ತಾಳೆ?"

"ಬರೀತಾವ್ರೆ. ಬನ್ನಿ, ಕೂತ್ಕೊಳ್ಳಿ."

"ಎಷ್ಟೊತ್ತು?"

"ಬರ್ದು ಮುಗಿಯೋ ತಂಕ."

ಭಾವ ಬಂದರು. ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕುಳಿತರು. ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ಬಾಗಿಲ ಕಡೆ. ಕೊನೆಗೆ ಅಕ್ಕನ ಬೆರಳನ್ನು ನೋಡತೊಡಗಿದರು. ಒಮ್ಮೆ ನಾನು ಅವಳು ಹೇಳಬೇಕಾದ ಪದವನ್ನು ಊಹಿಸಿ ಬಾಯಿ ತೆರೆದೆ. ಸೊಸೆ ನನ್ನ ಭುಜದ ಮೇಲೆ ಕೈಯಿಟ್ಟಳು. ಮಧ್ಯದಲ್ಲಿ ಹೇಳಿದರೆ ಅಕ್ಕ ತನ್ನ ಮಾತು ಬಿಟ್ಟು ನಮ್ಮ ಮಾತಿಗೆ ತಲೆಯಾಡಿಸಿಬಿಡುತ್ತಾಳೆಂದು ಅವಳು ಆಮೇಲೆ ಹೇಳಿದಳು. ದಣಿವಿಗೆ ಹಾಗಾಗುತ್ತದಂತೆ.

ಇಪ್ಪತ್ತಾರು ನಿಮಿಷವಾಯಿತು. ಸೊಸೆಯ ಫೋನು ಸದ್ದು ಮಾಡಿತು. ಸಾಲು ಇದು:

ggod3 pakkkka syand eddillla. ssanje ttanka. ssopppu b3daa

ಸೊಸೆ ತುಟಿಯಾಡಿಸಿ ಓದಿದಳು, ಆಮೇಲೆ ಗಟ್ಟಿಯಾಗಿ ಹೇಳಿದಳು. ಗೋಡೆ ಪಕ್ಕದ ಸ್ಟ್ಯಾಂಡ್ ಎದ್ದಿಲ್ಲ. ಸಂಜೆ ತಂಕ ಸೊಪ್ಪು ಬೇಡ.

"ಇವಳು ಹುಳದ ಮನೆ ಒಳಕ್ಕೇ ಬಂದಿಲ್ವಲ್ಲ, ಎರಡು ದಿನದಿಂದ" ಎಂದರು ಭಾವ. ಎದ್ದು ಹೋದರು. ನಾನೂ ಹಿಂದೆ ಹೋದೆ. ಬಾಗಿಲ ಬಳಿಯ ಸ್ಟ್ಯಾಂಡಿನಲ್ಲಿ ಹುಳು ಎದ್ದು ತಲೆಯಾಡಿಸುತ್ತಿದ್ದವು, ಹೊಸ ಬಾಯಿ, ಮಾಸಲು ಮೈ. ನಡುವಿನದರಲ್ಲೂ ಅಷ್ಟೆ. ಪಡುವಣ ಗೋಡೆಯ ಪಕ್ಕದ್ದರ ಹತ್ತಿರ ಭಾವ ಬಾಗಿದರು. ತುಂಬ ಹೊತ್ತು ಬಾಗಿದ್ದರು. ಅಲ್ಲಿ ಮುಕ್ಕಾಲು ಪಾಲು ಹುಳು ತಲೆಯೆತ್ತಿ, ಉಸಿರಿಲ್ಲದವುಗಳ ಹಾಗೆ ನಿಂತಿದ್ದವು.

ಆ ಗೋಡೆಯ ಕಿಟಕಿಗಳಿಂದ ಚಳಿಯ ಗಾಳಿ ಬರುತ್ತದೆ. ತಂಪಿನಲ್ಲಿ ಹುಳು ನಿಧಾನ. ಪ್ರತಿ ಚಳಿಗಾಲವೂ ಆ ಸಾಲು ಅರ್ಧ ದಿನ ಹಿಂದೆ ಬೀಳುತ್ತದೆ. ಅಕ್ಕ ಹುಳುವನ್ನು ನೋಡಿರಲಿಲ್ಲ. ಅಡುಗೆಮನೆಯಲ್ಲಿ ಕುಳಿತು ಲೆಕ್ಕ ಹಾಕಿದ್ದಳು. ಭಾವ ಬಾಗಿಲ ಬಳಿಯ ಹುಳು ಮಾತ್ರ ನೋಡಿ ಎದ್ದವೆ ಎಂದಿದ್ದರು.

ನಾವು ವಾಪಸ್ ಬಂದಾಗ ಇನ್ನೊಂದು ಸಾಲು ಬಂದಿತ್ತು. ಈ ಸಲ ಅಕ್ಕ ಭಾವನ ಫೋನಿಗೆ ಕಳಿಸಿದ್ದಳು. ಅವರು ಅಂಗಿಯ ಜೇಬಿನಿಂದ ತೆಗೆದು ದೂರ ಹಿಡಿದು ನೋಡಿದರು.

nnanag3 ellla n3mapu id3

ಸೊಸೆ ಹತ್ತಿರ ಹೋಗಲಿಲ್ಲ. ಭಾವ ತೋರುಬೆರಳನ್ನು ಪರದೆಯ ಮೇಲೆ ಒಂದೊಂದೇ ಅಕ್ಷರಕ್ಕೆ ಇಡುತ್ತ ಹೋದರು, ಎಳೆ ಮಕ್ಕಳು ಓದುವಂತೆ. ಕೊನೆಗೆ ನಿಂತರು.

"ನೆ... ಮಪು" ಎಂದರು.

"ಎಮ್ ಪಕ್ಕ ಎನ್ ಮಾವ" ಎಂದಳು ಸೊಸೆ.

"ನೆನಪು" ಎಂದರು ಭಾವ. ಫೋನನ್ನು ಜೇಬಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಹೊರಗೆ ಹೋದರು. ಬಿಚ್ಚಿದ ಹೊರೆಗೆ ಒದ್ದೆ ಗೋಣಿ ಹೊದಿಸುವುದು ಕಿಟಕಿಯಿಂದ ಕಂಡಿತು. ನಾನು ಹೇಳಲು ಬಂದಿದ್ದ ಮಾತನ್ನು ಅವರು ಆ ದಿನ ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಆದರೆ ಅವರು ಅದನ್ನು ಹಿಂದಕ್ಕೂ ತೆಗೆದುಕೊಂಡಿರಲಿಲ್ಲ.

ಮಧ್ಯಾಹ್ನ ಅಕ್ಕ ಮಾತ್ರೆ ನುಂಗಿ ಮಲಗಿದ ಮೇಲೆ ಸೊಸೆ ತನ್ನ ಫೋನು ತಂದು ನನ್ನ ಮುಂದಿಟ್ಟಳು. ಮೂರು ತಿಂಗಳ ಮೆಸೇಜುಗಳನ್ನು ಅವಳು ಅಳಿಸಿರಲಿಲ್ಲ.

"ಒಂದು ನೋಡಿ ಪಿನ್ನಮ್ಮ. ಸರೀನೋ ತಪ್ಪೋ ಗೊತ್ತಿಲ್ಲ. ಅತ್ತೆ ಬೆಳಗ್ಗೆ ಎಂಟಕ್ಕೆ ಮಾತ್ರೆ ತಗೊತಾರೆ. ಒಂಬತ್ತು, ಹತ್ತು, ಹನ್ನೊಂದು, ಇಲ್ಲೆಲ್ಲ ನೋಡಿ, ಅಕ್ಷರ ಒಂದೊಂದೇ. ಹನ್ನೆರಡು ದಾಟಿದ್ರೆ ಎರಡೆರಡು. ಒಂದು ಗಂಟೆಗೆ ಮೂರು ಮೂರು, ನಡುವೆ ಅಂಕಿ. ಎರಡಕ್ಕೆ ಮಧ್ಯಾಹ್ನದ ಮಾತ್ರೆ. ಮೂರಕ್ಕೆ ಮತ್ತೆ ಒಂದೊಂದೇ."

"ದಿನಾ ಹಿಂಗೇನಾ?"

"ನಿದ್ದೆ ಕೆಟ್ಟಿದ್ರೆ, ಗಾಬರಿ ಇದ್ರೆ ಬೆಳಗ್ಗೆನೂ ಜಾಸ್ತಿ. ಇವತ್ತು ಬೆಳಗ್ಗೆ ಇತ್ತಲ್ಲ. ಇಲ್ದಿದ್ರೆ ಹಿಂಗೇ. ಎರಡೆರಡು ಬೀಳಕ್ಕೆ ಶುರು ಆದ್ರೆ ನಾನು ಅತ್ತೇನ ಒಬ್ರೇ ಬಚ್ಚಲಿಗೆ ಕಳಿಸಲ್ಲ. ಅವಾಗಲೇ ಅವ್ರ ಕಾಲು ನೆಲಕ್ಕೆ ಅಂಟ್ಕೊಳ್ಳೋದು."

ನಾನು ಅವಳನ್ನು ನೋಡಿದೆ. ಇಪ್ಪತ್ತಾರು ವರ್ಷದವಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಾನು ಕೆಂಪು ಡಬ್ಬಕ್ಕೆ ಎತ್ತಿ ಹಾಕುವಂಥದ್ದನ್ನೆಲ್ಲ ಇವಳು ದಿನವೂ ಓದಿ ಇಟ್ಟಿದ್ದಳು. ಅದರಲ್ಲಿ ಅಕ್ಕ ಹೇಳಬೇಕೆಂದಿದ್ದ ಮಾತೂ ಇತ್ತು, ಆ ಗಳಿಗೆಯಲ್ಲಿ ಅವಳ ಮೈ ಹೇಗಿತ್ತೆಂಬುದೂ ಇತ್ತು. ಅಕ್ಕ ಬರೆದದ್ದು ಒಂದು, ಅವಳ ಕೈ ಬರೆದದ್ದು ಇನ್ನೊಂದು. ಎರಡೂ ಒಂದೇ ಸಾಲಿನಲ್ಲಿದ್ದವು.

ಡಾಕ್ಟರಿಗೆ ತೋರಿಸಬೇಕು ಎಂದೆ. ಫೋನನ್ನೇ ಕೊಟ್ಟರೆ ಅವರು ಎಷ್ಟು ಹೊತ್ತು ನೋಡಿಯಾರು? ಅದಕ್ಕೇ ಒಂದು ವಾರದ ಮೆಸೇಜುಗಳನ್ನು, ನನ್ನ ಉಪಕಾರಕ್ಕೆ ಮುಂಚಿನ ವಾರದ್ದನ್ನು, ಗೆರೆ ಹಾಳೆಯ ಮೇಲೆ ಇಳಿಸಿಕೊಳ್ಳಲು ಕುಳಿತೆ. ಎಡಕ್ಕೆ ಹೊತ್ತು, ಬಲಕ್ಕೆ ಬಿದ್ದ ಹಾಗೆ ಅಕ್ಷರ. ಮಾತ್ರೆಯ ಹೊತ್ತಿಗೆ ಒಂದು ಅಡ್ಡಗೆರೆ.

ಸುಲಭವೆಂದುಕೊಂಡಿದ್ದೆ. ಆಗಲಿಲ್ಲ. ಕೈ ತಾನಾಗಿಯೇ ತಿದ್ದುತ್ತಿತ್ತು. ಮೂರು ಕೆ ಇದ್ದಲ್ಲಿ ಎರಡು ಬರೆದುಬಿಡುತ್ತಿದ್ದೆ. yegii ಎಂದಿದ್ದಲ್ಲಿ ಸರಿಯಾದದ್ದನ್ನೇ ಬರೆಯುತ್ತಿದ್ದೆ. ಹೊಡೆದು ಹಾಕಿ ಮತ್ತೆ ಬರೆಯಬೇಕಾಗುತ್ತಿತ್ತು. ಅಕ್ಕನ ಪ್ರತಿ ತಪ್ಪನ್ನೂ ಹಾಗೇ ಬರೆಯಲು ಪ್ರತಿ ತಪ್ಪಿನ ಹತ್ತಿರ ನಿಲ್ಲಬೇಕಿತ್ತು. ನಿಂತಾಗಲೆಲ್ಲ ಆ ಬೆರಳು ಗುಂಡಿಯ ಮೇಲೆ ಬಂದು ನಿಂತು ನಡುಗುವುದು ಕಣ್ಣಿಗೆ ಬರುತ್ತಿತ್ತು. ಸೊಪ್ಪು ಎಂಬ ಐದು ಅಕ್ಷರದ ಪದಕ್ಕೆ ಏಳು ಬಡಿತ. ಅಷ್ಟಾದರೂ ಅವಳು ಕಳಿಸಿದ್ದ ಮೆಸೇಜುಗಳು ಬರೀ ಕೆಲಸದ ಮಾತಲ್ಲ. 'ಊಟ ಮಾಡ್ದ್ಯಾ' ಎಂದು ಸೊಸೆಯನ್ನು ದಿನವೂ ಕೇಳಿದ್ದಳು. ಅದು ಸದಾ ಒಂದೂವರೆಯ ಹೊತ್ತಿಗೆ, ಕೈ ಅತ್ಯಂತ ಕೆಟ್ಟಿರುವಾಗ. ಒಂದು ದಿನವೂ ಬಿಟ್ಟಿರಲಿಲ್ಲ.

ನಾಲ್ಕು ಹಾಳೆಯಾಯಿತು. ಅಷ್ಟರಲ್ಲಿ ಸಂಜೆಯಾಗಿತ್ತು. ಗೋಡೆ ಪಕ್ಕದ ಹುಳುಗಳೂ ಎದ್ದವೆಂದು ಭಾವ ಹೊರಗಿನಿಂದ ಹೇಳಿದರು. ಸೊಪ್ಪು ಬಿಟ್ಟರು. ಹುಳು ಮೇಯುವ ಸದ್ದು, ಒಣಗಿದ ಎಲೆಯ ಮೇಲೆ ತುಂತುರು ಬಿದ್ದ ಹಾಗೆ, ಮನೆಯವರೆಗೂ ಬಂತು. ಅಕ್ಕ ಅದನ್ನು ಕೇಳುತ್ತ ಕುಳಿತಿದ್ದಳು.

ಎರಡು ವಾರದ ನಂತರ, ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ಮೇಲೆ, ಚಿಕ್ಕಬಳ್ಳಾಪುರಕ್ಕೆ ಹೋದೆವು. ನಮ್ಮ ಸರದಿ ಬೆಳಗ್ಗೆ ಹತ್ತಕ್ಕೆ ಬಂತು. ಮಾತ್ರೆಯ ಒಳ್ಳೆಯ ಹೊತ್ತು. ಅಕ್ಕ ತಾನೇ ನಡೆದು ಒಳಗೆ ಹೋದಳು. ಡಾಕ್ಟರು ಬೆರಳು ಬಡಿಯಿಸಿದರು, ಕೈ ಮಡಿಸಿ ನೋಡಿದರು, "ಪರವಾಗಿಲ್ವಲ್ಲಮ್ಮ, ಚೆನ್ನಾಗಿದೀರ" ಎಂದರು. ಅವರ ತಪ್ಪೇನೂ ಇಲ್ಲ. ಅವರ ಎದುರಿಗಿದ್ದದ್ದು ಹತ್ತು ಗಂಟೆಯ ಅಕ್ಕ.

ನಾನು ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಮೊದಲು ಅವರಿಗೆ ಏನೆಂದು ತಿಳಿಯಲಿಲ್ಲ. ಸೊಸೆ ಎರಡು ಮಾತಿನಲ್ಲಿ ಹೇಳಿದಳು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಹೊತ್ತಿನ ಸಾಲಿನ ಮೇಲೆ ಪೆನ್ನು ಇಳಿಸುತ್ತ ಬಂದರು. ಅಡ್ಡಗೆರೆಯ ಹತ್ತಿರ ನಿಂತರು. ಮತ್ತೆ ಮೇಲಿನಿಂದ ನೋಡಿದರು. ಹೊರಗೆ ಜನ ಕಾಯುತ್ತಿದ್ದರು. ಅವರು ನಾಲ್ಕು ಹಾಳೆಯನ್ನೂ ಓದಿದರು.

"ಮಾತ್ರೆ ಮುಂದಿನ ಹೊತ್ತಿನ ತನಕ ಬರ್ತಿಲ್ಲ. ಮುಂಚೇನೇ ಇಳಿದುಹೋಗ್ತಿದೆ" ಎಂದರು. "ಇದನ್ನ ನಾನು ಕೇಳಿದ್ರೆ ನೀವು, ಪರವಾಗಿಲ್ಲ, ಒಂದೊಂದ್ಸಲ ಜಾಸ್ತಿ ಆಗುತ್ತೆ ಅಂತಿದ್ರಿ. ಎಲ್ರೂ ಹಂಗೇ ಅಂತಾರೆ." ಮಾತ್ರೆಯ ಹೊತ್ತುಗಳನ್ನು ಬದಲಿಸಿ ಬರೆದರು. ನಾವೇ ಹೆಚ್ಚುಕಡಿಮೆ ಮಾಡಬಾರದೆಂದು ಎರಡು ಸಲ ಹೇಳಿದರು. ಮುಂದಿನ ಸಲ ಬರುವಾಗಲೂ ಹೀಗೆಯೇ ಬರೆದುಕೊಂಡು ಬನ್ನಿ ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಊಟ ಆಯ್ತಾ ಅಂತ ಇಷ್ಟು ಕಷ್ಟಪಟ್ಟು ಕೇಳ್ತೀರಲ್ಲಮ್ಮ" ಎಂದರು. ಅಕ್ಕನ ಮುಖದಲ್ಲಿ ಈಗ ನಗು ಸುಲಭವಾಗಿ ಬರುವುದಿಲ್ಲ. ಕಣ್ಣಿನಲ್ಲಿ ಬಂತು.

ನಡುಕ ಹೋಗಲಿಲ್ಲ, ಹೋಗುವುದೂ ಇಲ್ಲ. ಒಂದು ಗಂಟೆಯ ಹೊತ್ತಿನ ಮೂರು ಮೂರು ಅಕ್ಷರ ಬಹುಪಾಲು ಎರಡಕ್ಕೆ ಇಳಿದಿದೆ. ಕೆಲವು ದಿನ ಒಂದಕ್ಕೆ. ಸೊಸೆ ನೋಡಿಕೊಳ್ಳುತ್ತಾಳೆ.

ಅದಾದ ನಂತರದ ಭಾನುವಾರ ನಾನು ಅಕ್ಕನ ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ. ಭಾವ ಹುಳದ ಮನೆಯ ಬಾಗಿಲಲ್ಲಿ ಸ್ಟ್ಯಾಂಡುಗಳನ್ನು ತೊಳೆದು ಬಿಸಿಲಿಗೆ ಇಡುತ್ತಿದ್ದರು. ಅಕ್ಕನ ಫೋನು ಸದ್ದು ಮಾಡಿತು. ಭಾವನ ಮೆಸೇಜು. ಅವರು ಅವಳಿಗೆ ಕಳಿಸಿದ್ದು ಅದೇ ಮೊದಲಂತೆ. ಮುಂದಿನ ಬೆಳೆಗೆ ಚಾಕಿ ಕೇಂದ್ರಕ್ಕೆ ಹುಳ ಯಾವಾಗ ಹೇಳಣ ಎಂದಿತ್ತು.

ಅಕ್ಕ ಅದನ್ನು ಎರಡು ಸಲ ಓದಿದಳು. ಬೆರಳು ಒರೆಸಿಕೊಂಡಳು. ಬರೆಯತೊಡಗಿದಳು. ನಾನು ಪರದೆಯ ಕಡೆ ನೋಡದೆ ಕಿಟಕಿಯ ಆಚೆ ನೋಡಿದೆ. ಭಾವ ಕೆಲಸ ನಿಲ್ಲಿಸಿ, ಬಿಸಿಲಿನಲ್ಲಿ ಫೋನು ಹಿಡಿದು ನಿಂತಿದ್ದರು. ಕರೆ ಮಾಡಲಿಲ್ಲ. ಮನೆಯ ಕಡೆ ಬರಲೂ ಇಲ್ಲ. ಹನ್ನೊಂದು ನಿಮಿಷ ನಿಂತಿದ್ದರು.

as kad3 yotaa chhigurali. am3le hhaakkana

ಆ ಕಡೆ ತೋಟ ಚಿಗುರಲಿ, ಆಮೇಲೆ ಹಾಕಣ. ನನಗೆ ಈಗ ಒಂದೇ ಸಲಕ್ಕೆ ಓದಲು ಬಂತು. ಕಿಟಕಿಯಿಂದ ಕೂಗಿ ಭಾವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವರು ಕಣ್ಣಿಗೆ ನೆರಳು ಮಾಡಿಕೊಂಡು, ಫೋನನ್ನು ದೂರ ಹಿಡಿದು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಆಮೇಲೆ ತಿರುಗಿ ಆ ಕಡೆ ತೋಟದ ಚಿಗುರು ನೋಡಲು ಹೋದರು.